ಮ್ಯಾರಥಾನ್‌ಗೆ ಮೊದಲಿನ 3 ವಾರ: ಓಟದಲ್ಲಿ ಏನನ್ನು ಇಳಿಸಬೇಕು, ಏನನ್ನು ಇಳಿಸಬಾರದು

ಜನವರಿಯ ಮೂರನೆಯ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟವರು ಸಾಮಾನ್ಯವಾಗಿ ಗಣೇಶನ ಹಬ್ಬದ ಆಸುಪಾಸಿನಲ್ಲಿ ತಯಾರಿ ಆರಂಭಿಸಿ, ದೀಪಾವಳಿಯ ಹೊತ್ತಿಗೆ 25 ಕಿ.ಮೀ. ದೂರದ ಲಾಂಗ್ ರನ್‌ಗೆ ಬಂದು, ಡಿಸೆಂಬರಿನ ಕೊನೆಯ ಭಾನುವಾರ 32 ಕಿ.ಮೀ. ಓಡಿ ಮುಗಿಸುತ್ತಾರೆ. ಅಲ್ಲಿಂದ ಓಟದ ದಿನಕ್ಕೆ ಸರಿಯಾಗಿ 3 ವಾರ ಉಳಿದಿರುತ್ತದೆ. ಈ 3 ವಾರಗಳಲ್ಲಿ ಅಭ್ಯಾಸವನ್ನು ಲೆಕ್ಕ ಹಾಕಿ ಇಳಿಸುತ್ತಾ ಹೋಗುವುದಕ್ಕೇ ಟೇಪರಿಂಗ್ ಎನ್ನುತ್ತಾರೆ. ಹೆಸರು ಎಲ್ಲರಿಗೂ ಗೊತ್ತಿದೆ. ಆದರೆ ಅದನ್ನು ಮಾಡುವ ರೀತಿಯಲ್ಲಿ ಎರಡು ತಪ್ಪುಗಳು ಪದೇ ಪದೇ ಕಾಣುತ್ತವೆ: ಕೆಲವರು ಇಳಿಸುವುದೇ ಇಲ್ಲ, ಇನ್ನು ಕೆಲವರು ಶೂಗಳನ್ನು ಒಗೆದು ಬಿಸಿಲಿಗಿಟ್ಟು ಪೂರ್ತಿ ಮಲಗಿಬಿಡುತ್ತಾರೆ.

ನಾನು ಈ ಎರಡನ್ನೂ ಮಾಡಿದವನು. ಒಂದು ವರ್ಷ ನೆಗಡಿಯಿಂದ ತಪ್ಪಿಹೋಗಿದ್ದ ಲಾಂಗ್ ರನ್ನನ್ನು ಓಟಕ್ಕೆ 8 ದಿನ ಇರುವಾಗ ಓಡಿ, ಮುಂಬೈಯ ಪೆಡ್ಡರ್ ರಸ್ತೆಯ ಏರಿನಲ್ಲಿ ತೊಡೆಗಳು ಕಲ್ಲಿನಂತಾಗಿ ನಡೆದುಕೊಂಡು ಹೋದೆ. ಅದರಿಂದ ಪಾಠ ಕಲಿತೆನೆಂದುಕೊಂಡು ಮರುವರ್ಷ ಕೊನೆಯ 9 ದಿನ ಓಡಲೇ ಇಲ್ಲ. ಆಗ ಮೊದಲ ಕಿಲೋಮೀಟರಿನಿಂದಲೇ ಕಾಲುಗಳು ಯಾರದೋ ಕಾಲುಗಳಂತೆ ಅನ್ನಿಸಿದವು. ಇವೆರಡರ ನಡುವಿನ ಸರಿಯಾದ ದಾರಿ ಯಾವುದೆಂಬುದನ್ನು ಒಬ್ಬ ಓಟಗಾರ್ತಿಯ ನಿಜವಾದ ಲೆಕ್ಕದೊಂದಿಗೆ ಇಲ್ಲಿ ವಿವರಿಸುತ್ತೇನೆ.

## ಕಡಿಮೆ ಓಡಿದರೆ ವೇಗ ಹೆಚ್ಚುವುದು ಏಕೆ

ಅಭ್ಯಾಸದಿಂದ ದೇಹದಲ್ಲಿ ಏಕಕಾಲಕ್ಕೆ ಎರಡು ಸಂಗತಿಗಳು ಕೂಡಿಬರುತ್ತವೆ. ಒಂದು ಕಸುವು, ಇನ್ನೊಂದು ದಣಿವು. ಕಸುವು ನಿಧಾನವಾಗಿ ಬೆಳೆದು ನಿಧಾನವಾಗಿ ಕರಗುತ್ತದೆ, ದಣಿವು ಬೇಗ ಏರಿ ಬೇಗ ಇಳಿಯುತ್ತದೆ. ಓಟದ ದಿನ ನಮಗೆ ಸಿಗುವ ಫಲ ಕಸುವಿನಲ್ಲಿ ದಣಿವನ್ನು ಕಳೆದು ಉಳಿದದ್ದು. ಈ ವಿಚಾರವನ್ನು 1970ರ ದಶಕದಲ್ಲಿ ಗಣಿತದ ರೂಪಕ್ಕೆ ತಂದವರು ಎರಿಕ್ ಬ್ಯಾನಿಸ್ಟರ್ ಎಂಬ ಕ್ರೀಡಾವಿಜ್ಞಾನಿ. ಇಂದು ಅಭ್ಯಾಸದ ಆ್ಯಪ್‌ಗಳಲ್ಲಿ CTL, ATL ಎಂದು ಕಾಣುವ ಅಂಕೆಗಳು ಅದೇ ವಿಚಾರದ ಮಕ್ಕಳು. ಅವುಗಳಲ್ಲಿ ಕಸುವಿಗೆ 42 ದಿನಗಳ, ದಣಿವಿಗೆ 7 ದಿನಗಳ ಕಾಲಮಾನವನ್ನು ಸಾಮಾನ್ಯವಾಗಿ ಹಿಡಿಯುತ್ತಾರೆ.

ದಣಿವು ಎಂದರೆ ಬರೀ ಆಯಾಸದ ಅನಿಸಿಕೆಯಲ್ಲ. ವಾರಕ್ಕೆ 60 ಕಿ.ಮೀ. ಓಡುವವರ ಸ್ನಾಯುಗಳಲ್ಲಿ ಇಂಧನವಾದ ಗ್ಲೈಕೋಜನ್ ಪೂರ್ತಿ ತುಂಬುವ ಮೊದಲೇ ಮುಂದಿನ ಓಟ ಬಂದು ಅದನ್ನು ಖಾಲಿ ಮಾಡುತ್ತದೆ. ಸ್ನಾಯುವಿನ ಎಳೆಗಳಲ್ಲಿ ಬಿದ್ದ ಸೂಕ್ಷ್ಮ ಗಾಯಗಳು ಒಣಗುವ ಮೊದಲೇ ಹೊಸ ಗಾಯಗಳಾಗುತ್ತವೆ. ಒಟ್ಟು ದೂರವನ್ನು ಇಳಿಸಿದಾಗ ಈ ದುರಸ್ತಿ ಕೆಲಸಕ್ಕೆ ಬಿಡುವು ಸಿಗುತ್ತದೆ. ಗ್ಲೈಕೋಜನ್ ತುಂಬುತ್ತದೆ, ರಕ್ತದ ಪ್ರಮಾಣ ಮತ್ತು ಕೆಂಪು ರಕ್ತಕಣಗಳ ಪ್ರಮಾಣ ತುಸು ಏರುತ್ತವೆ, ಬಲ ಹೆಚ್ಚಾಗಿರುವ ವೇಗದ ಎಳೆಗಳು ತಮ್ಮ ಕಸುವನ್ನು ಮರಳಿ ಪಡೆಯುತ್ತವೆ. ಶ್ವಾಸಕೋಶ ದೊಡ್ಡದಾಗುವುದೂ ಇಲ್ಲ, ಹೃದಯ ಹೊಸದಾಗುವುದೂ ಇಲ್ಲ. 4 ತಿಂಗಳು ಕೂಡಿಟ್ಟದ್ದರ ಮೇಲಿನ ಮುಸುಕು ಸರಿಯುತ್ತದೆ, ಅಷ್ಟೆ.

ಇದಕ್ಕೆ ಓಟದ ಇತಿಹಾಸದಲ್ಲಿ ಒಂದು ಆಕಸ್ಮಿಕ ಉದಾಹರಣೆಯಿದೆ. ದಿನಕ್ಕೆ ಲೆಕ್ಕವಿಲ್ಲದಷ್ಟು 400 ಮೀಟರ್ ಓಟಗಳನ್ನು ಓಡುತ್ತಿದ್ದ ಚೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್, 1950ರ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಮೊದಲು ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿದರು. ಹಾಸಿಗೆಯಿಂದ ಎದ್ದು ನೇರವಾಗಿ ಬ್ರಸೆಲ್ಸ್‌ಗೆ ಹೋದ ಅವರು 5,000 ಮತ್ತು 10,000 ಮೀಟರ್ ಎರಡನ್ನೂ ಭಾರಿ ಅಂತರದಿಂದ ಗೆದ್ದರು. ಆಸ್ಪತ್ರೆ ಸೇರುವುದು ಒಳ್ಳೆಯ ಟೇಪರ್ ಎಂಬುದು ಇದರ ಅರ್ಥವಲ್ಲ. ಅವರು ಹೊತ್ತಿದ್ದ ದಣಿವಿನ ಹೊರೆ ಎಷ್ಟಿತ್ತೆಂಬುದನ್ನು ಇದು ತೋರಿಸುತ್ತದೆ.

## ದೂರವನ್ನು ಇಳಿಸಿ, ವೇಗವನ್ನು ಇಳಿಸಬೇಡಿ

ಟೇಪರಿಂಗ್‌ನ ಮೂಲ ಸೂತ್ರ ಇಷ್ಟೇ. ಅದು ಅಭಿಪ್ರಾಯದಿಂದಲ್ಲ, ಪ್ರಯೋಗಗಳಿಂದ ಬಂದದ್ದು.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 9 ಮಂದಿ ಮಧ್ಯಮ ದೂರದ ಓಟಗಾರರ ಮೇಲೆ ನಡೆಸಿದ ಪ್ರಯೋಗವೊಂದು 1992ರಲ್ಲಿ ಪ್ರಕಟವಾಯಿತು. ಪ್ರತಿಯೊಬ್ಬರೂ ಬೇರೆ ಬೇರೆ ಸಮಯದಲ್ಲಿ 3 ಬಗೆಯ ಟೇಪರ್ ಮಾಡಿದರು. ಒಂದರಲ್ಲಿ ಪೂರ್ಣ ವಿಶ್ರಾಂತಿ. ಎರಡನೆಯದರಲ್ಲಿ ವಾರಕ್ಕೆ ಸುಮಾರು 30 ಕಿ.ಮೀ. ನಿಧಾನದ ಓಟ, ಮೂರನೆಯದರಲ್ಲಿ ವಾರವಿಡೀ 10 ಕಿ.ಮೀ.ಗಿಂತ ಕಡಿಮೆ, ಆದರೆ ಎಲ್ಲವೂ ವೇಗದ 500 ಮೀಟರ್ ತುಣುಕುಗಳು, ಅವೂ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಹೋಗುವಂತೆ. ಬಳಿಕ ಟ್ರೆಡ್‌ಮಿಲ್ ಮೇಲೆ ಅವರವರ 1,500 ಮೀಟರ್ ವೇಗದಲ್ಲಿ ಸುಸ್ತಾಗುವ ತನಕ ಓಡಿಸಿದರು. ವಿಶ್ರಾಂತಿಯಿಂದ ಯಾವ ಸುಧಾರಣೆಯೂ ಬರಲಿಲ್ಲ. ನಿಧಾನದ ಓಟದಿಂದ ಶೇ. 6ರಷ್ಟು ಹೆಚ್ಚು ಹೊತ್ತು, ವೇಗದ ತುಣುಕುಗಳಿಂದ ಶೇ. 22ರಷ್ಟು ಹೆಚ್ಚು ಹೊತ್ತು ಓಡಲು ಸಾಧ್ಯವಾಯಿತು. ರಕ್ತದ ಪ್ರಮಾಣ ಏರಿದ್ದು ಈ ಮೂರನೆಯ ಬಗೆಯಲ್ಲಿ. ಶೇ. 22 ಎಂಬುದು ಒಂದೇ ವೇಗದಲ್ಲಿ ನಿಲ್ಲಬಲ್ಲ ಹೊತ್ತಿನ ಲೆಕ್ಕವೇ ಹೊರತು ಓಟದ ಸಮಯದ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು. ಯಾರ ಮ್ಯಾರಥಾನ್ ಸಮಯವೂ ಟೇಪರ್‌ನಿಂದ ಶೇ. 22ರಷ್ಟು ಇಳಿಯುವುದಿಲ್ಲ.

ಇದರ ಇನ್ನೊಂದು ಮುಖವನ್ನು ಅಮೆರಿಕದ ರಾಬರ್ಟ್ ಹಿಕ್ಸನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ತೋರಿಸಿದ್ದರು. ದಿನಕ್ಕೆ 40 ನಿಮಿಷದ ಕಠಿಣ ಅಭ್ಯಾಸಕ್ಕೆ ಒಗ್ಗಿದವರು ಅದನ್ನು 13 ನಿಮಿಷಕ್ಕೆ ಇಳಿಸಿದರೂ, ಕಾಠಿಣ್ಯವನ್ನು ಹಾಗೆಯೇ ಉಳಿಸಿಕೊಂಡರೆ, ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ 15 ವಾರಗಳಾದರೂ ಕುಗ್ಗಲಿಲ್ಲ. ಸಮಯವನ್ನು ಉಳಿಸಿಕೊಂಡು ಕಾಠಿಣ್ಯವನ್ನು ಇಳಿಸಿದಾಗ ಮಾತ್ರ ಅದು ಕುಗ್ಗಿತು. ಬಹಳ ಹೊತ್ತು ನಿಲ್ಲಬಲ್ಲ ತಾಳಿಕೆ 13 ನಿಮಿಷದವರಲ್ಲಿ ಸ್ವಲ್ಪ ಇಳಿದಿತ್ತು ಎಂಬುದೂ ನಿಜ. ಆದ್ದರಿಂದ ಮ್ಯಾರಥಾನ್ ಓಡುವವರು ಮೂರು ವಾರವೂ ದೂರವನ್ನು ಮೂರನೆಯ ಒಂದಕ್ಕೆ ಇಳಿಸಬಾರದು. ಆ ಮಟ್ಟಕ್ಕೆ ಬರಬೇಕಾದದ್ದು ಕೊನೆಯ ವಾರದಲ್ಲಿ ಮಾತ್ರ.

ಹಾಗಾದರೆ ಎಷ್ಟು ಇಳಿಸಬೇಕು? ಓಟ, ಈಜು, ಸೈಕ್ಲಿಂಗ್ ಮೂರಕ್ಕೂ ಸೇರಿದ 27 ಅಧ್ಯಯನಗಳನ್ನು ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯ ಪ್ರಕಾರ, ಅತಿ ಹೆಚ್ಚು ಫಲ ಕೊಟ್ಟದ್ದು ಸುಮಾರು 2 ವಾರದ ಟೇಪರ್: ಒಟ್ಟು ದೂರದಲ್ಲಿ ಶೇ. 41ರಿಂದ 60ರಷ್ಟು ಕಡಿತ, ವೇಗದಲ್ಲಿ ಬದಲಾವಣೆಯಿಲ್ಲ, ವಾರಕ್ಕೆ ಓಡುವ ದಿನಗಳಲ್ಲೂ ಬದಲಾವಣೆಯಿಲ್ಲ. ಸರಾಸರಿ ಲಾಭ ಶೇ. 2ರ ಆಸುಪಾಸು. 4 ಗಂಟೆಯ ಮ್ಯಾರಥಾನ್‌ಗೆ ಅದು ಸುಮಾರು ನಾಲ್ಕೂಮುಕ್ಕಾಲು ನಿಮಿಷ. 2021ರಲ್ಲಿ ಐರ್ಲೆಂಡಿನ ಸಂಶೋಧಕರು ಒಂದೂವರೆ ಲಕ್ಷಕ್ಕೂ ಹೆಚ್ಚು ಹವ್ಯಾಸಿ ಮ್ಯಾರಥಾನ್ ಓಟಗಾರರ ಸ್ಟ್ರಾವಾ ದಾಖಲೆಗಳನ್ನು ನೋಡಿದಾಗ, 3 ವಾರ ಶಿಸ್ತಾಗಿ ಇಳಿಸುತ್ತಾ ಬಂದವರು ಹೆಚ್ಚುಕಡಿಮೆ ಇಳಿಸದೇ ಹೋದವರಿಗಿಂತ ಸುಮಾರು ಐದೂವರೆ ನಿಮಿಷ ಮುಂದಿದ್ದರು. ಟೇಪರ್‌ನಲ್ಲಿ ಶಿಸ್ತಿರುವವರಿಗೆ ಊಟ ನಿದ್ರೆಗಳಲ್ಲೂ ಶಿಸ್ತಿರಬಹುದು, ಆದ್ದರಿಂದ ಆ ಐದೂವರೆ ನಿಮಿಷವನ್ನು ಪೂರ್ತಿಯಾಗಿ ಟೇಪರ್‌ನ ಖಾತೆಗೆ ಬರೆಯಲಾಗದು. ಆದರೂ ಎರಡು ಬೇರೆ ದಾರಿಯಿಂದ ಬಂದ ಅಂಕೆಗಳು ಇಷ್ಟು ಹತ್ತಿರವಿರುವುದು ಗಮನಿಸಬೇಕಾದ ಸಂಗತಿ.

ಪ್ರಯೋಗಗಳು 2 ವಾರ ಎನ್ನುತ್ತವೆ, ಹವ್ಯಾಸಿಗಳ ದಾಖಲೆ 3 ವಾರ ಎನ್ನುತ್ತದೆ. ನಾನು ಇವೆರಡನ್ನೂ ಹೊಂದಿಸಿಕೊಂಡು, ಮೊದಲ ವಾರ ತುಸು ಮಾತ್ರ ಇಳಿಸಿ, ನಿಜವಾದ ಕಡಿತವನ್ನು ಕೊನೆಯ 2 ವಾರಗಳಿಗೆ ಇಡುತ್ತೇನೆ. 32 ಕಿ.ಮೀ. ಓಟದ ಗಾಯ ಮಾಯುವುದಕ್ಕೇ ನಮ್ಮಂಥ ಕಚೇರಿ ಕೆಲಸದ ಓಟಗಾರರಿಗೆ ಒಂದು ವಾರ ಬೇಕು.

## ಮೊದಲ ಹೆಜ್ಜೆ: ನಿಮ್ಮ ಮೂಲ ಅಂಕೆಯನ್ನು ಸರಿಯಾಗಿ ಹಿಡಿಯಿರಿ

ಶೇಕಡಾವಾರು ಲೆಕ್ಕ ಯಾವುದರ ಮೇಲೆ ಎಂಬುದರಲ್ಲೇ ಅನೇಕರು ಎಡವುತ್ತಾರೆ. ಅತಿ ಹೆಚ್ಚು ಓಡಿದ ವಾರವನ್ನು ಮೂಲವಾಗಿ ಹಿಡಿದರೆ ಕಡಿತ ಮಾಡಿದಂತೆ ಕಾಣುತ್ತದೆಯೇ ಹೊರತು ನಿಜವಾಗಿ ಆಗಿರುವುದಿಲ್ಲ. ಟೇಪರ್‌ಗೆ ಮೊದಲಿನ 4 ವಾರಗಳ ಸರಾಸರಿಯನ್ನು ಹಿಡಿಯಬೇಕು.

ನಮ್ಮ ಜೊತೆ ಕಬ್ಬನ್ ಪಾರ್ಕಿನಲ್ಲಿ ಓಡುವ 41 ವರ್ಷದ ಓಟಗಾರ್ತಿಯೊಬ್ಬರ ಲೆಕ್ಕ ಹೀಗಿತ್ತು. ಅವರ ಗುರಿ 4 ಗಂಟೆ, ಅಂದರೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್. ಕೊನೆಯ 4 ವಾರಗಳಲ್ಲಿ ಅವರು ಓಡಿದ್ದು 58, 64, 52 ಮತ್ತು 66 ಕಿ.ಮೀ. ಒಟ್ಟು 240, ಸರಾಸರಿ 60. ವಾರಕ್ಕೆ 5 ದಿನ ಓಡುತ್ತಿದ್ದರು. ಸೋಮವಾರ ಮತ್ತು ಶುಕ್ರವಾರ ಬಿಡುವು. ಮಂಗಳವಾರ 10 ಕಿ.ಮೀ.ಯ ಅಂದಾಜು ವೇಗದಲ್ಲಿ, ಅಂದರೆ ಕಿಲೋಮೀಟರಿಗೆ 5 ನಿಮಿಷ 10 ಸೆಕೆಂಡಿನಂತೆ, 1 ಕಿ.ಮೀ. ತುಣುಕುಗಳು ಆರು. ಗುರುವಾರ ಮ್ಯಾರಥಾನ್ ವೇಗದಲ್ಲಿ 7 ಕಿ.ಮೀ. ಉಳಿದದ್ದೆಲ್ಲ ಮಾತನಾಡುತ್ತಾ ಓಡಬಹುದಾದ ನಿಧಾನಗತಿ.

## ಎರಡನೆಯ ಹೆಜ್ಜೆ: 60ರಿಂದ 48, 36, 20

ಟೇಪರ್‌ನ ಮೊದಲ ವಾರಕ್ಕೆ ಸರಾಸರಿಯ ಶೇ. 80, ಎರಡನೆಯ ವಾರಕ್ಕೆ ಶೇ. 60, ಓಟದ ವಾರಕ್ಕೆ ಓಟದ ದಿನವನ್ನು ಬಿಟ್ಟು ಮೂರನೆಯ ಒಂದು ಭಾಗ. ದಿನಗಳ ಲೆಕ್ಕಕ್ಕೆ ತಂದಾಗ ಅದು ಹೀಗೆ ಬಂತು (ಎಲ್ಲವೂ ಕಿ.ಮೀ.):

| ವಾರ | ಮಂಗಳ | ಬುಧ | ಗುರು | ಶನಿ | ಭಾನು | ಒಟ್ಟು |
|---|---|---|---|---|---|---|
| ಎಂದಿನ ವಾರ | 10 | 8 | 12 | 6 | 24 | 60 |
| ಟೇಪರ್ 1 | 8 | 7 | 9 | 4 | 20 | 48 |
| ಟೇಪರ್ 2 | 7 | 5 | 7 | 3 | 14 | 36 |
| ಓಟದ ವಾರ | 7 | 5 | 5 | 3 | ಓಟ | 20 |

ಓಡುವ ದಿನಗಳು ಐದಕ್ಕೆ ಐದೂ ಉಳಿದಿರುವುದನ್ನು ನೋಡಿ. ದಿನವನ್ನೇ ಬಿಡುವುದರ ಬದಲು ಪ್ರತಿದಿನದ ಓಟವನ್ನು ಮೊಟಕುಗೊಳಿಸಿದೆ. ಬೆಳಗ್ಗೆ ಐದಕ್ಕೆ ಎದ್ದು ಓಡಿ ಅಭ್ಯಾಸವಾದ ದೇಹಕ್ಕೆ ಆ ಲಯ ತಪ್ಪಿದರೆ ನಿದ್ರೆ ತಪ್ಪುತ್ತದೆ, ಕಾಲು ಜಡವಾಗುತ್ತದೆ. ಅತಿ ದೊಡ್ಡ ಕಡಿತ ಬಿದ್ದಿರುವುದು ಭಾನುವಾರದ ಲಾಂಗ್ ರನ್‌ಗೆ, ಏಕೆಂದರೆ ದಣಿವಿನ ಬಹುಪಾಲು ಬರುವುದು ಅಲ್ಲಿಂದಲೇ.

ವೇಗದ ದಿನಗಳಲ್ಲಿ ತುಣುಕುಗಳ ಸಂಖ್ಯೆ ಇಳಿಯುತ್ತದೆ, ತುಣುಕಿನ ವೇಗ ಇಳಿಯುವುದಿಲ್ಲ. ಮಂಗಳವಾರದ ಆರು ತುಣುಕುಗಳು ಟೇಪರ್‌ನ ಮೊದಲ ವಾರ ನಾಲ್ಕಾದವು, ಎರಡನೆಯ ವಾರ ಮೂರಾದವು. ವೇಗ ಮಾತ್ರ ಅದೇ 5 ನಿಮಿಷ 10 ಸೆಕೆಂಡ್. ಗುರುವಾರದ ಮ್ಯಾರಥಾನ್ ವೇಗದ ಓಟ 7ರಿಂದ 5ಕ್ಕೆ, ಬಳಿಕ 4 ಕಿ.ಮೀ.ಗೆ ಬಂತು. ಓಟದ ವಾರದ ಮಂಗಳವಾರ 2 ಕಿ.ಮೀ. ನಿಧಾನ, 3 ಕಿ.ಮೀ. ಮ್ಯಾರಥಾನ್ ವೇಗ, ಮತ್ತೆ 2 ಕಿ.ಮೀ. ನಿಧಾನ. ಅದೇ ಕೊನೆಯ ಗಟ್ಟಿ ಅಭ್ಯಾಸ. ಗುರುವಾರ ಮತ್ತು ಶನಿವಾರ ನಿಧಾನದ ಓಟದ ಕೊನೆಗೆ 20 ಸೆಕೆಂಡಿನ 4 ಸ್ಟ್ರೈಡ್‌ಗಳು: ಉಸಿರುಗಟ್ಟಿ ಓಡುವುದಲ್ಲ, ಕಾಲನ್ನು ಹಗುರವಾಗಿ, ಚುರುಕಾಗಿ ಎತ್ತಿಡುವುದು, ನಡುವೆ ಉಸಿರು ಪೂರ್ತಿ ಮರಳುವ ತನಕ ನಡೆಯುವುದು.

ಇಲ್ಲೊಂದು ಬಲೆಯಿದೆ. ಎರಡನೆಯ ವಾರದ ಹೊತ್ತಿಗೆ ಕಾಲಿಗೆ ಹೊಸ ಜೀವ ಬಂದಿರುವುದರಿಂದ ಮೂರು ತುಣುಕುಗಳನ್ನು 4 ನಿಮಿಷ 50 ಸೆಕೆಂಡಿಗೆ ಓಡುವ ಆಸೆ ಹುಟ್ಟುತ್ತದೆ. ವೇಗವನ್ನು ಉಳಿಸಿಕೊಳ್ಳಿ ಎಂದರೆ ಹೆಚ್ಚಿಸಿ ಎಂದಲ್ಲ. ತುಣುಕು ಮುಗಿದಾಗ ಇನ್ನೂ ಎರಡು ಓಡಬಹುದಿತ್ತು ಅನ್ನಿಸಿದರೆ ಅದು ಸರಿಯಾಗಿ ಮುಗಿದಿದೆ ಎಂದು ತಿಳಿಯಿರಿ.

ಜಿಮ್‌ನಲ್ಲಿ ಭಾರ ಎತ್ತುವವರು ಕಾಲಿನ ಭಾರದ ವ್ಯಾಯಾಮವನ್ನು ಓಟಕ್ಕೆ 10 ದಿನ ಇರುವಾಗಲೇ ನಿಲ್ಲಿಸುವುದು ಒಳ್ಳೆಯದು. ಉಳಿಸಿದ ಸಮಯದಲ್ಲಿ ಸೈಕಲ್ ತುಳಿಯುವುದು, ನಂದಿಬೆಟ್ಟ ಹತ್ತುವುದು ಇವೆಲ್ಲವೂ ಕಡಿತವನ್ನು ಹಿಂಬಾಗಿಲಿನಿಂದ ರದ್ದುಮಾಡುವ ಕೆಲಸಗಳು.

## ಆ್ಯಪ್‌ನ ಅಂಕೆ ಕುಸಿದಾಗ ಗಾಬರಿಯಾಗದಿರಲು ಒಂದು ಲೆಕ್ಕ

ಟೇಪರ್‌ನ ಎರಡನೆಯ ವಾರ ಆ ಓಟಗಾರ್ತಿ ಫೋನ್ ಹಿಡಿದುಕೊಂಡು ಬಂದು, "ಸರ್, ಫಿಟ್‌ನೆಸ್ ಇಳೀತಾ ಇದೆ ಅಂತ ತೋರಿಸ್ತಿದೆ, ಹೀಗೇ ಬಿಟ್ರೆ ಮಾಡಿದ್ದೆಲ್ಲ ಹೋಗಲ್ವಾ?" ಎಂದು ಕೇಳಿದರು. ಆಗ ಕಾಗದದ ಮೇಲೆ ಮಾಡಿ ತೋರಿಸಿದ ಲೆಕ್ಕ ಇದು. ವಾರದ ಕಿಲೋಮೀಟರನ್ನೇ ಹೊರೆಯೆಂದು ಹಿಡಿದರೆ, 7 ದಿನ ಮತ್ತು 42 ದಿನಗಳ ಕಾಲಮಾನದಿಂದ ವಾರಕ್ಕೊಮ್ಮೆ ಹೀಗೆ ಲೆಕ್ಕಿಸಬಹುದು:

```
ದಣಿವು = ಈ ವಾರದ ಕಿ.ಮೀ. + (ಹಿಂದಿನ ದಣಿವು − ಈ ವಾರದ ಕಿ.ಮೀ.) × 0.37
ಕಸುವು = ಈ ವಾರದ ಕಿ.ಮೀ. + (ಹಿಂದಿನ ಕಸುವು − ಈ ವಾರದ ಕಿ.ಮೀ.) × 0.85
```

ಆರಂಭದಲ್ಲಿ ಎರಡೂ 60 ಎಂದಿಟ್ಟುಕೊಳ್ಳೋಣ. 48 ಕಿ.ಮೀ. ವಾರದ ಕೊನೆಗೆ ದಣಿವು 52, ಕಸುವು 58. 36 ಕಿ.ಮೀ. ವಾರದ ಕೊನೆಗೆ ದಣಿವು 42, ಕಸುವು 55. ಓಟದ ವಾರದ ಕೊನೆಗೆ ದಣಿವು 28, ಕಸುವು 50. ಕಸುವಿನಲ್ಲಿ 10 ಅಂಕ ಹೋಯಿತು, ದಣಿವಿನಲ್ಲಿ 32 ಅಂಕ ಹೋಯಿತು. ಓಟದ ದಿನ ಕೈಗೆ ಬಂದ ನಿವ್ವಳ ಲಾಭ 22. ಮೂರು ವಾರವೂ ಮಲಗಿದ್ದರೆ ಏನಾಗುತ್ತಿತ್ತು? ಅದೇ ಸೂತ್ರದಲ್ಲಿ ದಣಿವು 3ಕ್ಕೆ ಬರುತ್ತಿತ್ತು, ಕಸುವು 37ಕ್ಕೆ. ಕಾಗದದ ಮೇಲೆ ವ್ಯತ್ಯಾಸ 34 ಆಗಿ ಇನ್ನೂ ಚೆಂದ ಕಾಣುತ್ತದೆ. ಈ ಮಾದರಿಯ ಮಿತಿ ಇರುವುದೇ ಇಲ್ಲಿ.

ಅದು ಕಿಲೋಮೀಟರಿನ ಸರಾಸರಿಯನ್ನು ಕಸುವು ಎಂದು ಕರೆಯುತ್ತದೆ, ಅಷ್ಟೇ. ದೇಹದೊಳಗೆ ನಡೆಯುವುದು ಅದಕ್ಕೆ ಕಾಣದು. ಓಟವನ್ನು ಪೂರ್ತಿ ನಿಲ್ಲಿಸಿದರೆ ರಕ್ತದ ದ್ರವಭಾಗ ಕೆಲವೇ ದಿನಗಳಲ್ಲಿ ಇಳಿಯತೊಡಗುತ್ತದೆ, ಹೃದಯ ಒಂದು ಬಡಿತಕ್ಕೆ ಹೊರದೂಡುವ ರಕ್ತ ಕಡಿಮೆಯಾಗುತ್ತದೆ. ಚೆನ್ನಾಗಿ ಪಳಗಿದವರಲ್ಲೂ ಎರಡು ಮೂರು ವಾರಗಳಲ್ಲಿ ಆಮ್ಲಜನಕ ಬಳಸುವ ಸಾಮರ್ಥ್ಯ ಶೇ. 7ರಷ್ಟು ಕುಸಿದದ್ದನ್ನು 1980ರ ದಶಕದ ಪ್ರಯೋಗಗಳು ತೋರಿಸಿವೆ. ವಾರಕ್ಕೆರಡು ಬಾರಿ ಬರುವ ಆ ವೇಗದ ತುಣುಕುಗಳು ಈ ಕುಸಿತವನ್ನು ತಡೆಯುತ್ತವೆ. ಆದ್ದರಿಂದ ಟೇಪರ್ ಸರಿಯಾಗಿ ನಡೆದಾಗ ಆ್ಯಪ್‌ನಲ್ಲಿ ಕಸುವಿನ ಗೆರೆ ಇಳಿಯಲೇಬೇಕು. ಅದು ಇಳಿಯದಿದ್ದರೆ ನೀವು ಇಳಿಸಿಲ್ಲವೆಂದೇ ಅರ್ಥ.

## ಮೂರನೆಯ ಹೆಜ್ಜೆ: ಸರಿಯಾಗಿದೆಯೇ ಎಂದು ನೋಡುವುದು

ನಂಬಬಹುದಾದ ಅಳತೆ ಆ್ಯಪ್‌ನ ಗೆರೆಯಲ್ಲ, ಒಂದೇ ರಸ್ತೆಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ವೇಗದಲ್ಲಿ ಓಡಿದಾಗಿನ ಎದೆಬಡಿತ. ಮ್ಯಾರಥಾನ್ ವೇಗದ ತುಣುಕುಗಳನ್ನು ಇದಕ್ಕಾಗಿಯೇ ಪ್ರತಿ ವಾರ ಇಟ್ಟುಕೊಂಡಿರುವುದು. ಅದೇ 5 ನಿಮಿಷ 41 ಸೆಕೆಂಡಿಗೆ ಬಡಿತ ವಾರದಿಂದ ವಾರಕ್ಕೆ ಎರಡು ಮೂರಾದರೂ ಇಳಿದರೆ, ಅಥವಾ ಅಷ್ಟೇ ಇದ್ದು ಉಸಿರು ಹಗುರವಾಗಿದ್ದರೆ ಕೆಲಸ ನಡೆಯುತ್ತಿದೆ. ಬಡಿತ ಏರುತ್ತಿದ್ದರೆ, ಬೆಳಗ್ಗೆ ಹಾಸಿಗೆಯಲ್ಲಿರುವಾಗಿನ ನಾಡಿಯೂ ಎಂದಿಗಿಂತ ಏಳೆಂಟು ಹೆಚ್ಚಿದ್ದರೆ, ಜ್ವರ ಬರುವ ಹಾದಿಯಲ್ಲಿರಬಹುದು, ಇಲ್ಲವೇ ನಿದ್ರೆ ಸಾಲದು. ಆ ದಿನದ ವೇಗದ ಅಭ್ಯಾಸವನ್ನು ಬಿಟ್ಟು 4 ಕಿ.ಮೀ. ನಿಧಾನವಾಗಿ ಓಡಿ ಬನ್ನಿ. ಜ್ವರವಿದ್ದರೆ ಅದೂ ಬೇಡ.

ಟೇಪರ್ ಆರಂಭಿಸಿ ನಾಲ್ಕೈದು ದಿನಕ್ಕೆ ಕಾಲು ಹಗುರವಾಗುವ ಬದಲು ಭಾರವಾದಂತೆ ಅನ್ನಿಸುವುದುಂಟು. ಇದರಲ್ಲಿ ಸ್ವಲ್ಪ ಭಾಗ ನಿಜವೇ: ಒಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಡುತ್ತದೆ, ಆದ್ದರಿಂದ ತೂಕ ಒಂದು ಕಿಲೋ ತನಕ ಏರಬಹುದು. ತಕ್ಕಡಿ ನೋಡಿ ಊಟ ಬಿಡುವವರು ತುಂಬುತ್ತಿರುವ ಟ್ಯಾಂಕನ್ನು ತಾವೇ ಮುಚ್ಚಿದಂತೆ.

ಇನ್ನು ನೋವುಗಳ ವಿಚಾರ. ಓಟದ ವಾರದಲ್ಲಿ ಮೊಣಕಾಲು, ಹಿಮ್ಮಡಿ, ಮೀನಖಂಡ ಎಲ್ಲವೂ ಸರದಿಯ ಮೇಲೆ ಮಾತನಾಡತೊಡಗುತ್ತವೆ. ಇಂದು ಎಡಗಾಲು, ನಾಳೆ ಬಲಗಾಲು ಎಂದು ಜಾಗ ಬದಲಿಸುವ, ಓಡಲು ಆರಂಭಿಸಿ ಹತ್ತು ನಿಮಿಷಕ್ಕೆ ಮಾಯವಾಗುವ ನೋವನ್ನು ಗಣನೆಗೆ ತೆಗೆದುಕೊಳ್ಳಬೇಕಿಲ್ಲ. ಬೆರಳಿನಿಂದ ಒತ್ತಿದರೆ ಒಂದೇ ಬಿಂದುವಿನಲ್ಲಿ ಚುಚ್ಚುವ, ಓಡಿದಷ್ಟೂ ಹೆಚ್ಚುವ, ನಡಿಗೆಯನ್ನು ಕುಂಟಾಗಿಸುವ ನೋವು ಬೇರೆ ಜಾತಿಯದು. ಅದಕ್ಕೆ ವೈದ್ಯರ ಬಳಿ ಹೋಗಬೇಕು. ಮೂಳೆಯ ಮೇಲಿನ ಅಂಥ ನೋವನ್ನಿಟ್ಟುಕೊಂಡು ಸಾಲಿನಲ್ಲಿ ನಿಲ್ಲಬಾರದು.

## ಲೆಕ್ಕ ಬದಲಾಗುವ ಸಂದರ್ಭಗಳು

ಮೇಲಿನ ಪಟ್ಟಿ ಅಭ್ಯಾಸ ತಪ್ಪದೆ ನಡೆದವರಿಗೆ. ಡಿಸೆಂಬರಿನಲ್ಲಿ ಜ್ವರವೋ ಕೆಲಸದ ಒತ್ತಡವೋ ಬಂದು 10 ದಿನ ಓಡದವರಿಗೆ ಇಳಿಸುವಷ್ಟು ದಣಿವೇ ಕೂಡಿರುವುದಿಲ್ಲ. ಅವರು ಟೇಪರ್‌ನ ಮೊದಲ ವಾರವನ್ನು ಎಂದಿನ ವಾರದಂತೆ ಓಡಿ, ಕೊನೆಯ 10ರಿಂದ 14 ದಿನ ಮಾತ್ರ ಇಳಿಸಲಿ. ಆದರೆ ತಪ್ಪಿದ 30 ಕಿ.ಮೀ. ಓಟವನ್ನು ಓಟಕ್ಕೆ ಎರಡು ವಾರದ ಒಳಗೆ ತುಂಬಿಕೊಳ್ಳಲು ಹೋಗಬಾರದು. ಅದರ ಫಲ ಓಟದ ದಿನಕ್ಕೆ ಕೈಗೆ ಬರುವುದಿಲ್ಲ, ದಣಿವು ಮಾತ್ರ ಖಂಡಿತ ಬರುತ್ತದೆ. ಪೆಡ್ಡರ್ ರಸ್ತೆಯಲ್ಲಿ ನಾನು ಕಂಡದ್ದು ಅದನ್ನೇ.

ವಾರಕ್ಕೆ 30 ಕಿ.ಮೀ. ಓಡಿ ಮ್ಯಾರಥಾನ್‌ಗೆ ಹೊರಟವರಿಗೂ 2 ವಾರ ಸಾಕು. ಐವತ್ತು ದಾಟಿದವರು, ವಾರಕ್ಕೆ 80 ಕಿ.ಮೀ. ಮೀರಿ ಓಡುವವರು 3 ವಾರವನ್ನು ಪೂರ್ತಿ ತೆಗೆದುಕೊಳ್ಳುವುದು ಲೇಸೆಂಬುದು ನನ್ನ ಅನುಭವ. ಬೆಂಗಳೂರಿನ 10ಕೆ ಓಟಕ್ಕೆ 7ರಿಂದ 10 ದಿನದ ಟೇಪರ್ ಸಾಕಾಗುತ್ತದೆ. ಅಲ್ಲಿ ಗ್ಲೈಕೋಜನ್ ಮುಗಿದುಹೋಗುವ ಚಿಂತೆಯಿಲ್ಲ, ಸ್ನಾಯುವಿನ ಚುರುಕು ಮರಳಿದರೆ ಆಯಿತು.

## ಓಟದ ವಾರ, ಸಂಕ್ರಾಂತಿ ಮತ್ತು ಎಕ್ಸ್‌ಪೋ

ಮುಂಬೈ ಓಟದ ವಾರ ಸಾಮಾನ್ಯವಾಗಿ ಸಂಕ್ರಾಂತಿಯ ವಾರವೇ ಆಗಿರುತ್ತದೆ. ಎಳ್ಳುಬೆಲ್ಲದಲ್ಲಿ ಬೆಲ್ಲ ಇರುವುದು ಸಂತೋಷವೇ, ಆದರೆ ಎಳ್ಳು, ಕಡಲೆಕಾಯಿ, ಕೊಬ್ಬರಿಗಳ ಎಣ್ಣೆಯಂಶ ಹೊಟ್ಟೆಯನ್ನು ತುಂಬಿ ಅನ್ನಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಸೋಮವಾರದಿಂದ ಗುರುವಾರದ ತನಕ ಎಂದಿನ ಊಟವನ್ನೇ ಮಾಡಿ. ಓಟ ಕಡಿಮೆಯಾಗಿರುವುದರಿಂದ ಅದೇ ಊಟದಲ್ಲಿ ಗ್ಲೈಕೋಜನ್ ತಾನಾಗಿ ಕೂಡುತ್ತದೆ. ಶುಕ್ರವಾರ ಮತ್ತು ಶನಿವಾರ ಮಾತ್ರ ಕಾರ್ಬೋಹೈಡ್ರೇಟನ್ನು ದೇಹತೂಕದ ಕಿಲೋ ಒಂದಕ್ಕೆ 8ರಿಂದ 10 ಗ್ರಾಂಗೆ ಏರಿಸಬೇಕು. 58 ಕಿಲೋ ತೂಕದ ನಮ್ಮ ಓಟಗಾರ್ತಿಗೆ ಅದು ದಿನಕ್ಕೆ ಸುಮಾರು 500 ಗ್ರಾಂ. ಅಷ್ಟನ್ನೂ ಅನ್ನದಿಂದಲೇ ತುಂಬಲು ಹೋದರೆ ಹೊಟ್ಟೆ ಉಬ್ಬರಿಸುತ್ತದೆ. ಇಡ್ಲಿ, ಅವಲಕ್ಕಿ, ಬಾಳೆಹಣ್ಣು, ಬೆಲ್ಲದ ಪಾನಕ ಎಂದು ಹಂಚಿಕೊಂಡು, ಆ ಎರಡು ದಿನ ಮೊಳಕೆಕಾಳು, ಸೊಪ್ಪು, ರಾಗಿಮುದ್ದೆ, ಕರಿದ ತಿಂಡಿಗಳನ್ನು ಪಕ್ಕಕ್ಕಿಡುವುದು ಹೊಟ್ಟೆಗೂ ಹಿತ, ಭಾನುವಾರದ ಮುಂಜಾನೆಗೂ ಹಿತ.

ಎಚ್ಚರ ತಪ್ಪುವ ಇನ್ನೊಂದು ಜಾಗ ಬಿಬ್ ಪಡೆಯುವ ಎಕ್ಸ್‌ಪೋ. ಶನಿವಾರ ವಿಮಾನ ಇಳಿದು, ಸಾಲಿನಲ್ಲಿ ನಿಂತು, ಅಂಗಡಿಗಳನ್ನು ಸುತ್ತಿ, ಸಂಜೆ ಸಮುದ್ರದ ದಡದಲ್ಲಿ ನಡೆದು ಬಂದವರ ಫೋನ್ 20,000 ಹೆಜ್ಜೆ ತೋರಿಸಿದ್ದನ್ನು ನೋಡಿದ್ದೇನೆ. ಮೂರು ವಾರ ಉಳಿಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಖರ್ಚು ಮಾಡುವ ದಾರಿ ಅದು. ಸಾಧ್ಯವಿದ್ದವರು ಶುಕ್ರವಾರವೇ ತಲುಪಿ, ಬಿಬ್ ಕೈಗೆ ಬಂದ ಕೂಡಲೇ ಹೊರಬೀಳಲಿ. ಶುಕ್ರವಾರದ ರಾತ್ರಿಯ ನಿದ್ರೆ ಮುಖ್ಯ. ಶನಿವಾರದ ರಾತ್ರಿ ಹೆಚ್ಚಿನವರಿಗೆ ನಿದ್ರೆ ಬರುವುದಿಲ್ಲ, ಅದೊಂದರಿಂದ ಓಟ ಕೆಡುವುದೂ ಇಲ್ಲ.

ಶನಿವಾರ ಬೆಳಗ್ಗೆಯ 3 ಕಿ.ಮೀ. ಓಟವನ್ನು ಬಿಡಬೇಡಿ. ಬೆಂಗಳೂರಿನ ಜನವರಿಯ ಚಳಿಯಿಂದ ಬಂದವರಿಗೆ ಮುಂಬೈಯ ತೇವದ ಗಾಳಿಯಲ್ಲಿ ಅದೇ ವೇಗಕ್ಕೆ ಬಡಿತ ಎಷ್ಟು ಏರುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ನಮ್ಮ ಓಟಗಾರ್ತಿಗೆ ಅದು 6 ಹೆಚ್ಚು ತೋರಿಸಿತು. ಆದ್ದರಿಂದ ಮೊದಲ 5 ಕಿ.ಮೀ.ಗೆ ಅವರು ಗುರಿಯ ವೇಗವನ್ನು ಬಿಟ್ಟು, ಕಿಲೋಮೀಟರಿಗೆ 5 ನಿಮಿಷ 50 ಸೆಕೆಂಡನ್ನು ಇಟ್ಟುಕೊಂಡರು. ಟೇಪರ್ ಚೆನ್ನಾಗಿ ಆಗಿದ್ದರೆ ಈ ಎಚ್ಚರ ಇನ್ನಷ್ಟು ಬೇಕು, ಏಕೆಂದರೆ ದಣಿವಿಲ್ಲದ ಕಾಲಿಗೆ 5 ನಿಮಿಷ 20 ಸೆಕೆಂಡಿನ ವೇಗವೂ ನಿಧಾನವೆಂದೇ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಕಾಲಿನ ಮಾತು ಕೇಳದೆ, ಪ್ರತಿ ಕಿಲೋಮೀಟರಿಗೂ ಗಡಿಯಾರವನ್ನೇ ನೋಡಿ ಓಡಿದರು.